20 ತಿಂಗಳ ಚೀಟಿಯೋ ಬ್ಯಾಂಕಿನ ಆರ್‌ಡಿಯೋ? ಕಂತು ಕಂತಾಗಿ ಲೆಕ್ಕ ಹಾಕೋಣ

ತುಮಕೂರು_ನಿವಾಸಿ
ನೋಂದಾಯಿತ ಕಂಪನಿಯೊಂದರ 1 ಲಕ್ಷದ ಚೀಟಿಗೆ ಸೇರಬೇಕು ಅಂತಿದ್ದೀನಿ. 20 ಜನ, 20 ತಿಂಗಳು, ತಿಂಗಳಿಗೆ 5,000. ಕಮಿಷನ್ 5 ಪರ್ಸೆಂಟ್. ಹರಾಜಿನಲ್ಲಿ ಹೆಚ್ಚೆಂದರೆ 30,000ದವರೆಗೆ ಬಿಟ್ಟುಕೊಡ್ತೀನಿ ಅಂತ ಕೂಗಬಹುದು ಅಂತ ಕರಾರಿನಲ್ಲಿದೆ. ಹೋದ ವರ್ಷ ಮುಗಿದ ಇದೇ ಥರದ ಗುಂಪಿನ ಪಾಸ್‌ಬುಕ್ ಒಂದು ಸಿಕ್ಕಿತು. ಅದರಲ್ಲಿ ಇದ್ದದ್ದು ಇಷ್ಟು:

ಮೊದಲ ತಿಂಗಳದ್ದು ಚೀಟಿ ನಡೆಸುವ ಫೋರ್‌ಮನ್‌ದು, ಎಲ್ಲರೂ ಪೂರಾ 5,000 ಕಟ್ಟಿದ್ದಾರೆ. 2ರಿಂದ 6ನೇ ತಿಂಗಳವರೆಗೆ ಪ್ರತಿ ಸಲ 30,000ಕ್ಕೇ ಕೂಗು ನಿಂತಿದೆ, ಅದರಲ್ಲಿ ಕಮಿಷನ್ ಕಳೆದು ಉಳಿದದ್ದನ್ನು 20 ಜನಕ್ಕೂ ಡಿವಿಡೆಂಡ್ ಅಂತ ಹಂಚಿ, ಕಂತು 3,750ಕ್ಕೆ ಇಳಿದಿದೆ. 7ರಿಂದ 11ರವರೆಗೆ ಕೂಗು 22,000, ಕಂತು 4,150. 12ರಿಂದ 16ರವರೆಗೆ 14,000, ಕಂತು 4,550. 17ರಿಂದ 19ರವರೆಗೆ 8,000, ಕಂತು 4,850. ಕೊನೆಯ ತಿಂಗಳು ಹರಾಜಿಲ್ಲ, ಕಂತು 5,000, ಎತ್ತಿದವರಿಗೆ ಕಮಿಷನ್ ಕಳೆದು 95,000.

ಬ್ಯಾಂಕಿನಲ್ಲಿ ಆರ್‌ಡಿಗೆ ಆರೂವರೆ ಪರ್ಸೆಂಟ್ ಹೇಳ್ತಿದ್ದಾರೆ. ಕೊನೆಯವರೆಗೆ ಕಾದು ಎತ್ತಿದರೆ ಯಾವುದು ಮೇಲು? 10ನೇ ತಿಂಗಳ ಹೊತ್ತಿಗೆ ಮನೆ ರಿಪೇರಿಗೆ ದುಡ್ಡು ಬೇಕಾಗಬಹುದು, ಆಗ ಎತ್ತಿದರೆ ಹೇಗೆ? ಎರಡಕ್ಕೂ ಲೆಕ್ಕ ತೋರಿಸಿ.

ರಾಘು_ಕೆಂಗೇರಿ
ಇದರಲ್ಲಿ ಯೋಚನೆ ಮಾಡೋಕೇನಿದೆ? ಆರ್‌ಡಿಯಲ್ಲಿ ತಿಂಗಳಿಗೆ 5,000ದಂತೆ 20 ತಿಂಗಳು ಕಟ್ಟಿದರೆ ಆರೂವರೆ ಪರ್ಸೆಂಟಿಗೆ 1,05,800ರ ಮೇಲೆ ಬರುತ್ತೆ. ಚೀಟಿಯಲ್ಲಿ ಕೊನೆಗೂ ಸಿಗೋದು 95,000. ಹತ್ತು ಸಾವಿರ ಚೀಟಿಯಲ್ಲಿ ಹೋಯಿತು.

ತುಮಕೂರು_ನಿವಾಸಿ
ಆದರೆ ಚೀಟಿಗೆ ನಾನು ಕಟ್ಟೋದು 1 ಲಕ್ಷ ಅಲ್ಲವಲ್ಲ. ಎಲ್ಲ ಕಂತು ಕೂಡಿದರೆ 86,800.

ರಾಘು_ಕೆಂಗೇರಿ
ಹೌದು, ಅದು ತಪ್ಪಿತು, ಒಪ್ಪಿದೆ. ಆದರೂ 86,800ಕ್ಕೆ ಸಿಕ್ಕಿದ್ದು 8,200. ಅಂದರೆ 20 ತಿಂಗಳಿಗೆ ಒಂಬತ್ತೂವರೆ ಪರ್ಸೆಂಟ್. ವರ್ಷಕ್ಕೆ ಇಳಿಸಿದರೆ ಐದೂಮುಕ್ಕಾಲು ಕೂಡ ಇಲ್ಲ. ಆರ್‌ಡಿಯೇ ಮೇಲು.

ಗಣಿತದ_ಮೇಷ್ಟ್ರು
ರಾಘು ಅವರೇ, ನಿಮ್ಮ ಎರಡನೇ ಲೆಕ್ಕದಲ್ಲೂ ಒಂದು ತಪ್ಪಿದೆ: ಯಾವ ದುಡ್ಡು ಎಷ್ಟು ದಿನ ಅಲ್ಲಿತ್ತು ಅನ್ನೋದು ಬಿಟ್ಟುಹೋಗಿದೆ. 86,800 ಪೂರ್ತಿ 20 ತಿಂಗಳು ಚೀಟಿಯಲ್ಲಿ ಕೂತಿರಲಿಲ್ಲ. ಮೊದಲ ಕಂತು 20 ತಿಂಗಳು ಇತ್ತು, ಕೊನೆಯ ಕಂತು ಒಂದೇ ತಿಂಗಳು. ಒಂದೊಂದು ಕಂತನ್ನೂ ಅದು ಇದ್ದ ತಿಂಗಳಿನಿಂದ ಗುಣಿಸಿ, ಕೂಡಿ, 86,800ರಿಂದ ಭಾಗಿಸಿದರೆ ಸರಾಸರಿ ಹತ್ತು ತಿಂಗಳು ಬರುತ್ತದೆ. ಒಂಬತ್ತೂವರೆ ಪರ್ಸೆಂಟ್ ಸಿಕ್ಕಿದ್ದು ಹತ್ತು ತಿಂಗಳಿಗೆ ಅಂತಾಯಿತು. ವರ್ಷಕ್ಕೆ ಹನ್ನೊಂದರ ಹತ್ತಿರ. ಇದು ಬಾಯಿಲೆಕ್ಕ. ಸರಿಯಾದ ಲೆಕ್ಕಕ್ಕೆ ಪ್ರತಿಯೊಂದು ರೂಪಾಯಿಯನ್ನೂ ಒಂದೇ ದಿನದ ಬೆಲೆಗೆ ತರಬೇಕು.

ಬ್ಯಾಂಕು ಆರ್‌ಡಿಗೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಕಟ್ಟುತ್ತದೆ. ಆರೂವರೆಯನ್ನು ತಿಂಗಳಿಗೆ ಇಳಿಸಿದರೆ ಸುಮಾರು 0.54 ಪರ್ಸೆಂಟ್. ಅಂದರೆ ಮುಂದಿನ ತಿಂಗಳು ಕೊಡುವ 100.54 ರೂಪಾಯಿಗೆ ಇವತ್ತಿನ ಬೆಲೆ 100. ಎರಡು ತಿಂಗಳ ಆಚೆಯದನ್ನು 1.0054ರಿಂದ ಎರಡು ಸಲ ಭಾಗಿಸಬೇಕು. 19ನೇ ಸಲದ ಹೊತ್ತಿಗೆ 5,000ದ ಕಂತಿನ ಇವತ್ತಿನ ಬೆಲೆ 4,514 ಆಗಿರುತ್ತದೆ.

ಹೀಗೆ ನಿಮ್ಮ ಪಾಸ್‌ಬುಕ್ಕಿನ 20 ಕಂತನ್ನೂ ಇಳಿಸಿ ಕೂಡಿದೆ: 82,330. ಕೊನೆಯಲ್ಲಿ ಸಿಗುವ 95,000 ಕೊನೆಯ ಕಂತು ಕಟ್ಟಿದ ದಿನವೇ ಕೈಗೆ ಬರೋದಿಲ್ಲ, ಅದಕ್ಕೆ ಇನ್ನೊಂದು ತಿಂಗಳು ಸೇರಿಸಿ 20 ಸಲ ಇಳಿಸಿದೆ: 85,300. ಆರ್‌ಡಿಗಿಂತ ಚೀಟಿ ಇವತ್ತಿನ ಬೆಲೆಯಲ್ಲಿ 2,970 ಹೆಚ್ಚು ಕೊಡುತ್ತದೆ. ಕಟ್ಟಿದ್ದೂ ಪಡೆದದ್ದೂ ಸಮ ಆಗುವ ಬಡ್ಡಿ ಹುಡುಕಿದರೆ ವರ್ಷಕ್ಕೆ 10.6 ಪರ್ಸೆಂಟ್.

ಶೀಟಿನಲ್ಲಿ ಮಾಡುವವರಿಗೆ: B2ರಲ್ಲಿ ಮೊದಲ ಕಂತು, ಕೆಳಗೆ ಒಂದೊಂದಾಗಿ B21ರವರೆಗೆ. C ಕಾಲಮ್ಮಿನಲ್ಲಿ ಅದೇ ಕಂತುಗಳು ಮೈನಸ್ ಹಾಕಿ, C22ರಲ್ಲಿ ಕೈಗೆ ಬರುವ ಮೊತ್ತ.

```
=B2+NPV(0.54%,B3:B21)
=IRR(C2:C22,1%)*12
```

B2ವನ್ನು NPV ಒಳಗೆ ಸೇರಿಸಬೇಡಿ. ಆ ಫಂಕ್ಷನ್ ತನ್ನ ಮೊದಲ ಕೋಶವನ್ನೂ ಒಂದು ತಿಂಗಳು ಇಳಿಸಿಬಿಡುತ್ತದೆ. ಇವತ್ತೇ ಕಟ್ಟುವ 5,000ವನ್ನು ಇಳಿಸುವ ಹಾಗಿಲ್ಲ.

ಕುಂದಾಪುರ_ಶೆಟ್ರು
ಮೇಷ್ಟ್ರ ಲೆಕ್ಕ ಸರಿ ಉಂಟು, ಆದರೆ ಜಿಎಸ್‌ಟಿ ಬಿಟ್ಟುಹೋಗಿದೆ. ಚೀಟಿ ಕಂಪನಿಯ ಬ್ರ್ಯಾಂಚಿನಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ. ಕಮಿಷನ್ 5,000ಕ್ಕೆ 18 ಪರ್ಸೆಂಟ್, ಅಂದರೆ 900. ಎಷ್ಟೋ ಕಡೆ ಇದನ್ನು ಚೀಟಿ ಎತ್ತಿದವರ ಚೆಕ್ಕಿನಿಂದಲೇ ಕಳೆಯುತ್ತಾರೆ. ಹಾಗಾದರೆ 95,000 ಅಲ್ಲ, 94,100. ನಿಮ್ಮ ಕರಾರಿನಲ್ಲಿ ಯಾರ ತಲೆಗೆ ಹಾಕಿದ್ದಾರೆ ನೋಡಿಕೊಳ್ಳಿ.

ಕಮಿಷನ್ ಎಷ್ಟು ಅಂತಲೂ ನೋಡಿ. 1982ರ ಚಿಟ್ ಫಂಡ್ಸ್ ಕಾಯ್ದೆಯಲ್ಲಿ ಮಿತಿ 5 ಪರ್ಸೆಂಟ್ ಇತ್ತು, 2019ರ ತಿದ್ದುಪಡಿಯಲ್ಲಿ 7ಕ್ಕೆ ಏರಿದೆ. ಹಳೆಯ ಗುಂಪಿನ ಪಾಸ್‌ಬುಕ್ ನೋಡಿ ಹೊಸ ಗುಂಪಿಗೆ ಸೇರುವವರು ಇಲ್ಲಿಯೇ ಎಡವುತ್ತಾರೆ.

ಗಣಿತದ_ಮೇಷ್ಟ್ರು
ಧನ್ಯವಾದ ಶೆಟ್ರೇ, ಇದು ಸಣ್ಣ ತಿದ್ದುಪಡಿಯಲ್ಲ. 94,100 ಹಾಕಿದರೆ ಆರ್‌ಡಿ ಮೇಲಿನ ಲಾಭ 2,970ರಿಂದ 2,160ಕ್ಕೆ ಇಳಿಯುತ್ತದೆ, ಬಡ್ಡಿ 10.6ರಿಂದ 9.5ಕ್ಕೆ. ಒಂಬೈನೂರು ರೂಪಾಯಿ ಒಂದು ಪರ್ಸೆಂಟಿಗಿಂತ ಹೆಚ್ಚು ತಿಂದಿತು.

ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ಚೀಟಿಗೆ ಕಟ್ಟುವ ದಿನ, ಅಷ್ಟೇ ದುಡ್ಡನ್ನು, ಆರೂವರೆ ಪರ್ಸೆಂಟಿಗೆ ಬ್ಯಾಂಕಿಗೆ ಹಾಕುತ್ತಾ ಬಂದರೆ ಕೊನೆಗೆ 91,690 ಆಗುತ್ತದೆ. ಚೀಟಿಯಲ್ಲಿ 94,100. ವ್ಯತ್ಯಾಸ 2,410. ಮಾಮೂಲಿ ಆರ್‌ಡಿಯಲ್ಲಿ ಕಂತು ಏರಿಳಿಸಲಾಗದು. ಅದಕ್ಕೆ 3,750ದ ಒಂದು ಆರ್‌ಡಿ ಇಟ್ಟು, ಮಿಕ್ಕದ್ದನ್ನು ಉಳಿತಾಯ ಖಾತೆಯಲ್ಲಿ ಬಿಟ್ಟರೆ ಬ್ಯಾಂಕಿನ ಕಡೆ ಇನ್ನೂ ಸ್ವಲ್ಪ ತಗ್ಗುತ್ತದೆ.

ರಾಘು_ಕೆಂಗೇರಿ
ಡಿವಿಡೆಂಡ್ ಆ ತಿಂಗಳೇ ಕಳೆಯೋಲ್ಲವಲ್ಲ, ಮುಂದಿನ ತಿಂಗಳ ಕಂತಿನಲ್ಲಿ ಕಳೀತಾರೆ. ಅದು ಲೆಕ್ಕಕ್ಕೆ ಬಂತಾ?

ಗಣಿತದ_ಮೇಷ್ಟ್ರು
ಬಂದಿಲ್ಲ. ಒಟ್ಟು ಡಿವಿಡೆಂಡ್ 13,200, ಅದು ಒಂದು ತಿಂಗಳು ತಡವಾದರೆ ನಷ್ಟ 70 ರೂಪಾಯಿ. ಬಿಟ್ಟುಬಿಡಬಹುದು. ಚೆಕ್ ತಡವಾದರೆ ಮಾತ್ರ ಬಿಡುವ ಹಾಗಿಲ್ಲ.

ವಿಮಲಾ_ಹುಬ್ಬಳ್ಳಿ
ನಮ್ಮ ಕಡೆ ಇದಕ್ಕ ಭಿಶಿ ಅಂತಾರ್ರಿ. ನಂದೂ ಹಿಂತಾದ್ದ ಒಂದು ನಡದೈತಿ, 12 ಕಂತು ಕಟ್ಟೇನಿ, ಎತ್ತಿಲ್ಲ. ನೀವು ಹೇಳೂದು ನೋಡಿದ್ರ ಆರ್‌ಡಿಗೂ ಇದಕ್ಕೂ ಭಾಳ ಫರಕ ಇಲ್ಲ. ಇಲ್ಲೇ ಬಿಟ್ಟು ಉಳದ ರೊಕ್ಕಾ ಬ್ಯಾಂಕಿಗೆ ಹಾಕ್ಲೇನ್ರಿ?

ಕುಂದಾಪುರ_ಶೆಟ್ರು
ಬೇಡ ಅಕ್ಕಾ. ನಡುವೆ ಬಿಟ್ಟರೆ ಕಟ್ಟಿದ್ದು ಕೂಡಲೇ ಕೈಗೆ ಬರುವುದಿಲ್ಲ. ನಿಮ್ಮ ಜಾಗಕ್ಕೆ ಬೇರೆಯವರು ಬರಬೇಕು, ಇಲ್ಲವೇ ಚೀಟಿ ಮುಗಿಯಬೇಕು. ಕರಾರಿನಲ್ಲಿ ಇರುವ ಕಡಿತವೂ ಆಗುತ್ತದೆ.

ಗಣಿತದ_ಮೇಷ್ಟ್ರು
ವಿಮಲಾ ಅವರೇ, ನಿಮ್ಮ ಪ್ರಶ್ನೆ ಬೇರೆ, ಅದರ ಲೆಕ್ಕವೂ ಸುಲಭ. ಕಟ್ಟಿದ 12 ಕಂತನ್ನು ಮರೆತುಬಿಡಿ, ಅದು ಯಾವ ದಾರಿ ಹಿಡಿದರೂ ಬದಲಾಗದು. ಮುಂದಿನ 8 ಕಂತನ್ನೂ ಮರೆತುಬಿಡಿ, ಈಗ ಎತ್ತಿದರೂ ಕೊನೆಗೆ ಎತ್ತಿದರೂ ಅವನ್ನು ಕಟ್ಟಲೇಬೇಕು. ಎರಡು ಕಡೆಯೂ ಹೊಡೆದುಹೋದ ಮೇಲೆ ಉಳಿಯುವುದು ಒಂದೇ: ಈಗ ಸಿಗುವ ಮೊತ್ತ, ಕೊನೆಗೆ ಸಿಗುವ ಮೊತ್ತ.

ತುಮಕೂರಿನವರ ಗುಂಪನ್ನೇ ಉದಾಹರಣೆಗೆ ತಗೊಳ್ಳಿ. 13ನೇ ತಿಂಗಳು 14,000ಕ್ಕೆ ಕೂಗಿ ಎತ್ತಿದರೆ, ಜಿಎಸ್‌ಟಿ ಕಳೆದು 85,100. ಕಾದರೆ ಏಳು ತಿಂಗಳ ನಂತರ 94,100. ಏಳು ತಿಂಗಳಲ್ಲಿ 85,100 ಹೋಗಿ 94,100 ಆಗಬೇಕಾದರೆ ತಿಂಗಳಿಗೆ 1.45 ಪರ್ಸೆಂಟ್ ಬೆಳೆಯಬೇಕು. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ ಹತ್ತಿರ. ಬ್ಯಾಂಕಿನಲ್ಲಿ ಅದು ಸಿಗೋದಿಲ್ಲ, ಆದ್ದರಿಂದ ಕಾಯಿರಿ. ಆದರೆ ನಿಮ್ಮ ತಲೆ ಮೇಲೆ ಎರಡು ರೂಪಾಯಿ, ಮೂರು ರೂಪಾಯಿ ಬಡ್ಡಿಯ ಕೈಸಾಲ ಇದ್ದರೆ ಈಗಲೇ ಎತ್ತಿ ಅದನ್ನು ತೀರಿಸುವುದೇ ಲಾಭ. ನಿಮ್ಮ ಗುಂಪಿನ ಅಂಕಿ ಹಾಕಿ ನೋಡಿ.

ವಿಮಲಾ_ಹುಬ್ಬಳ್ಳಿ
ಕೈಸಾಲ ಇಲ್ರಿ, ಬಂಗಾರದ ಸಾಲ ಒಂದೈತಿ, ತಿಂಗಳಿಗೆ ಒಂದು ರೂಪಾಯಿ ಒಳಗ. ಹಂಗಾರ ಕಾಯ್ತೇನಿ. ಭಾಳ ಉಪಕಾರ ಆತ್ರಿ.

ತುಮಕೂರು_ನಿವಾಸಿ
ಮೇಷ್ಟ್ರೇ, ನನ್ನ ಎರಡನೇ ಪ್ರಶ್ನೆ ಉಳಿದಿದೆ. 10ನೇ ತಿಂಗಳು ಎತ್ತಿದರೆ? 22,000ಕ್ಕೆ ಕೂಗಿದರೆ ಕೈಗೆ 77,100. ಅದನ್ನು IRRಗೆ ಹಾಕಿದರೆ #NUM! ಅಂತ ಬರ್ತಿದೆ.

ಗಣಿತದ_ಮೇಷ್ಟ್ರು
ಶೀಟು ತಪ್ಪಿಲ್ಲ. 10ನೇ ತಿಂಗಳವರೆಗೆ ನೀವು ಉಳಿತಾಯ ಮಾಡುವವರು, ಆಮೇಲೆ ಸಾಲಗಾರರು. ಒಂದೇ ಬಡ್ಡಿ ದರ ಎರಡೂ ಪಾತ್ರಕ್ಕೆ ಹೊಂದೋದಿಲ್ಲ. ನಿಮ್ಮ ಅಂಕಿಗಳಿಗೆ ನಾನು ಬೇರೆ ಬೇರೆ ದರ ಹಾಕಿ ನೋಡಿದೆ. ತಿಂಗಳಿಗೆ 1 ಹಾಕಿದರೂ, 3 ಹಾಕಿದರೂ, 6 ಹಾಕಿದರೂ ಎಂಟೂವರೆ ಸಾವಿರದ ಆಸುಪಾಸು ನಷ್ಟವೇ ಬರುತ್ತದೆ. ಸಮ ಆಗುವ ದರ ಇಲ್ಲ, ಅದಕ್ಕೇ ಆ ಸಂದೇಶ.

ಆದ್ದರಿಂದ ಇದನ್ನು ಎರಡು ತುಂಡು ಮಾಡಿ. ಚೀಟಿಯ ಮೊದಲ 11 ಕಂತನ್ನು, ಅಂದರೆ ಚೆಕ್ ಕೈಗೆ ಬರುವ ದಿನದವರೆಗೆ ಕಟ್ಟಿದ್ದನ್ನು, ಬ್ಯಾಂಕಿಗೆ ಹಾಕಿದ್ದರೆ ಆ ದಿನ ನಿಮ್ಮ ಹತ್ತಿರ 45,720 ಇರುತ್ತಿತ್ತು. ನಿಮಗೆ ಬೇಕಿದ್ದು 77,100. ಅಂದಮೇಲೆ ಚೀಟಿ ನಿಮಗೆ ನಿಜವಾಗಿ ಕೊಟ್ಟ ಸಾಲ 31,380 ಮಾತ್ರ, ಮಿಕ್ಕದ್ದು ನಿಮ್ಮದೇ ದುಡ್ಡು. ಆ 31,380ಕ್ಕೆ ಮುಂದಿನ 9 ತಿಂಗಳಲ್ಲಿ ನೀವು ಕಟ್ಟುವುದು 42,300. ತಿಂಗಳಿಗೆ ಆರು ರೂಪಾಯಿಗೂ ಮೇಲೆ ಬಡ್ಡಿ ಬಿತ್ತು. ಅದೇ 31,380ವನ್ನು ಬ್ಯಾಂಕಿನಲ್ಲಿ ವರ್ಷಕ್ಕೆ 14.4 ಪರ್ಸೆಂಟಿಗೆ ಪರ್ಸನಲ್ ಲೋನ್ ತಗೊಂಡು 9 ಇಎಂಐ ಕಟ್ಟಿದರೆ ಒಟ್ಟು 33,300 ಆಗುತ್ತಿತ್ತು.

2ನೇ ತಿಂಗಳೇ 30,000ಕ್ಕೆ ಕೂಗಿ ಎತ್ತಿದವರಿಗೆ ಎಷ್ಟು ಬಿದ್ದಿದೆ ಗೊತ್ತೇ? ತಿಂಗಳಿಗೆ 3.1. ಅದೂ ದುಬಾರಿಯೇ, ಆದರೆ ನಿಮ್ಮ 10ನೇ ತಿಂಗಳಿಗಿಂತ ಅರ್ಧ. ಕೂಗುವುದು ಇಡೀ 1 ಲಕ್ಷದ ಮೇಲೆ, ಸಾಲ ಸಿಗುವುದು ಇನ್ನೂ ಕಟ್ಟದ ಭಾಗಕ್ಕೆ ಮಾತ್ರ. ಅರ್ಧ ಕಟ್ಟಿದ ಮೇಲೆ ದೊಡ್ಡದಾಗಿ ಕೂಗಿದರೆ ಸ್ವಂತ ದುಡ್ಡಿಗೂ ಬಡ್ಡಿ ಕಟ್ಟಿದ ಹಾಗೆ.

ರಾಘು_ಕೆಂಗೇರಿ
ಇದು ವಿಮಲಾ ಅವರಿಗೆ ಹೇಳಿದ ಲೆಕ್ಕಕ್ಕೆ ತಾಳೆ ಆಗ್ತಿಲ್ಲ ಮೇಷ್ಟ್ರೇ. ಅದೇ ರೀತಿ ನೋಡಿದರೆ ಇಲ್ಲಿ ಈಗ 77,100, ಹತ್ತು ತಿಂಗಳ ಮೇಲೆ 94,100. ತಿಂಗಳಿಗೆ ಎರಡೇ ರೂಪಾಯಿ ಬರುತ್ತೆ. ಆರು ಹೇಗಾಯಿತು?

ಗಣಿತದ_ಮೇಷ್ಟ್ರು
ಸರಿಯಾದ ಜಾಗ ಹಿಡಿದಿರಿ. ಎರಡೂ ನಿಜ, ಪ್ರಶ್ನೆ ಬೇರೆ ಬೇರೆ. ವಿಮಲಾ ಅವರು ಆಗಲೇ ಚೀಟಿಯೊಳಗಿದ್ದಾರೆ. ಅವರಿಗಿರುವ ಆಯ್ಕೆ ಎತ್ತುವುದು ಅಥವಾ ಕಾಯುವುದು. ತುಮಕೂರಿನವರು ಇನ್ನೂ ಸೇರಿಲ್ಲ. ಅವರಿಗಿರುವ ಆಯ್ಕೆ ಚೀಟಿ ಅಥವಾ "ಬ್ಯಾಂಕಿನ ಉಳಿತಾಯ, ಜೊತೆಗೆ ಸಣ್ಣ ಸಾಲ". ಸೇರುವ ಮೊದಲು ಆರು ರೂಪಾಯಿಯ ಲೆಕ್ಕ, ಸೇರಿದ ಮೇಲೆ ಎರಡು ರೂಪಾಯಿಯ ಲೆಕ್ಕ.

ರಾಘು_ಕೆಂಗೇರಿ
ಸೇರಿಬಿಟ್ಟವರು 10ನೇ ತಿಂಗಳು ಕಾದು, ಹೊರಗೆ 77,100 ಪೂರ್ತಿ ಸಾಲ ತರಬೇಕಲ್ಲ ಹಾಗಾದರೆ. ಚೀಟಿ ಕಂತಿನ ಜೊತೆಗೆ ಆ ಇಎಂಐ ಬೇರೆ. ಅದು ಎಲ್ಲರ ಸಂಬಳಕ್ಕೆ ನಿಲುಕೋದಿಲ್ಲ.

ಗಣಿತದ_ಮೇಷ್ಟ್ರು
ಅದು ನಿಜ, ಅಲ್ಲಿ ನನ್ನ ಲೆಕ್ಕ ಸೋಲುತ್ತದೆ. ಬ್ಯಾಂಕು ಸಾಲ ಕೊಡದವರಿಗೆ, ಸಂಬಳದ ಚೀಟಿ ಇಲ್ಲದ ಅಂಗಡಿಯವರಿಗೆ, 14 ಪರ್ಸೆಂಟ್ ಅನ್ನೋದು ಕಾಗದದ ಮೇಲಿನ ಸಂಖ್ಯೆ. ಅವರು ಹೊರಗೆ ನಿಜವಾಗಿ ತೆರುವ ಬಡ್ಡಿಯನ್ನೇ ಹಾಕಬೇಕು.

ತುಮಕೂರಿನವರಿಗೆ ಒಂದು ಉಪಯೋಗದ ಅಂಕಿ ಕೊಡುತ್ತೇನೆ. ಹೊರಗಿನ ಸಾಲ 14.4 ಪರ್ಸೆಂಟಿಗೆ ಸಿಗುತ್ತದೆ ಅಂತಾದರೆ, ಬ್ಯಾಂಕಿನ ದಾರಿಗೆ ಸಮ ಆಗಬೇಕಾದರೆ 10ನೇ ತಿಂಗಳು ನೀವು 14,000ದ ಒಳಗೆ ಚೀಟಿ ಹಿಡಿಯಬೇಕು. ಹಳೆಯ ಗುಂಪಿನಲ್ಲಿ ಆ ತಿಂಗಳು 22,000ಕ್ಕೆ ಹೋಗಿದೆ. ಎಂಟು ಸಾವಿರದ ಅಂತರ ಕಡಿಮೆಯದಲ್ಲ. 10ನೇ ತಿಂಗಳು ದುಡ್ಡು ಬೇಕೇ ಬೇಕು ಅಂತ ಈಗಲೇ ಖಾತ್ರಿ ಇದ್ದರೆ, ಈ ಚೀಟಿ ನಿಮಗಲ್ಲ.

ತುಮಕೂರು_ನಿವಾಸಿ
ಈ ಗುಂಪಿನಲ್ಲೂ ಅಷ್ಟೇ ಕೂಗು ಬರುತ್ತೆ ಅಂತ ಹೇಗೆ ಹೇಳೋದು?

ಕುಂದಾಪುರ_ಶೆಟ್ರು
ಹೇಳಲಿಕ್ಕೆ ಬರುವುದಿಲ್ಲ. ಇನ್ನೊಂದು ವಿಷಯ, ಕೂಗು ಕಡಿಮೆಯಾದರೆ ಮಧ್ಯದಲ್ಲಿ ಎತ್ತುವವರಿಗೆ ಒಳ್ಳೆಯದು, ಕೊನೆಗೆ ಎತ್ತುವವರಿಗೆ ಕೆಟ್ಟದ್ದು. ಡಿವಿಡೆಂಡ್ ಬರುವುದೇ ಆ ಕೂಗಿನಿಂದ. ಸಂಬಳದವರೇ ತುಂಬಿದ ಗುಂಪಿನಲ್ಲಿ ಯಾರಿಗೂ ಅವಸರ ಇರುವುದಿಲ್ಲ, ಕೂಗು ಬೇಗ ಇಳಿಯುತ್ತದೆ. ವ್ಯಾಪಾರಿಗಳ ಗುಂಪಿನಲ್ಲಿ ಮೊದಲ ಆರು ತಿಂಗಳು ಗರಿಷ್ಠ ಮಿತಿಗೇ ಹೋಗಿ, ಒಬ್ಬರಿಗಿಂತ ಹೆಚ್ಚು ಜನ ನಿಂತರೆ ಲಾಟರಿ ಹಾಕಿ ಹೆಸರು ತೆಗೆಯಬೇಕಾಗುತ್ತದೆ. ಒಂದೇ ಪಾಸ್‌ಬುಕ್ ನಂಬಬೇಡಿ, ಮುಗಿದ ಎರಡು ಮೂರು ಗುಂಪಿನದು ಕೇಳಿ.

ಹಾಗೆಯೇ ಚೆಕ್ ಬರುವ ದಿನ. ಕೂಗಿ ಗೆದ್ದ ಮೇಲೆ ಶ್ಯೂರಿಟಿ ಕೇಳುತ್ತಾರೆ: ಸಂಬಳದ ಸರ್ಟಿಫಿಕೇಟ್ ಇರುವ ಜಾಮೀನುದಾರರು, ಅಥವಾ ಆಸ್ತಿ ಪತ್ರ, ಎಫ್‌ಡಿ. ಒಬ್ಬ ಜಾಮೀನುದಾರರ ಸಹಿ ತಡವಾದರೆ ಇಡೀ ಫೈಲು ಅಲ್ಲಿಯೇ ಕೂರುತ್ತದೆ, ನಿಮ್ಮ ಕಂತು ಮಾತ್ರ ನಿಲ್ಲುವುದಿಲ್ಲ. ಹರಾಜಿಗೆ ಹೋಗುವ ಮೊದಲೇ ಜಾಮೀನಿನ ಕಾಗದ ಸಿದ್ಧ ಇಟ್ಟುಕೊಳ್ಳಿ.

ಕಂತು ತಡವಾದರೆ ಆ ತಿಂಗಳ ಡಿವಿಡೆಂಡ್ ಕೊಡುವುದಿಲ್ಲ ಅನ್ನುವ ಷರತ್ತೂ ಬಹಳ ಕರಾರುಗಳಲ್ಲಿ ಉಂಟು. 5ನೇ ತಿಂಗಳು ನಾಲ್ಕು ದಿನ ತಡ ಮಾಡಿದರೆ 3,750 ಬದಲು 5,000. ಕೊನೆಗೆ ಎತ್ತಿ ನಿಮಗೆ ಸಿಗುವ 2,410ರ ಲಾಭದಲ್ಲಿ ಅರ್ಧ ಆ ನಾಲ್ಕು ದಿನಕ್ಕೇ ಹೋಯಿತು.

ರಾಘು_ಕೆಂಗೇರಿ
2,410 ರೂಪಾಯಿಗೋಸ್ಕರ ಕಂಪನಿ ಮುಳುಗೋ ಭಯ ಯಾಕೆ? ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ.

ಗಣಿತದ_ಮೇಷ್ಟ್ರು
ಆ ಭಯಕ್ಕೂ ಒಂದು ಅಳತೆ ಇದೆ. 94,100ರಲ್ಲಿ 2,410 ಅಂದರೆ ಸುಮಾರು 39ರಲ್ಲಿ 1 ಭಾಗ. ಕೊನೆಯ ತಿಂಗಳ ದುಡ್ಡು ಪೂರಾ ಮುಳುಗುವ ಸಾಧ್ಯತೆ 39ರಲ್ಲಿ ಒಂದಕ್ಕಿಂತ ಹೆಚ್ಚು ಅಂತ ನಿಮಗೆ ಅನ್ನಿಸಿದರೆ ಆರ್‌ಡಿಯೇ ಸರಿ. ಪರಿಚಯದವರು ಮನೆಯಲ್ಲಿ ನಡೆಸುವ, ನೋಂದಣಿ ಇಲ್ಲದ ಚೀಟಿಗೆ ಈ ಅಳತೆ ಹಿಡಿದರೆ ನಾನಂತೂ ಹಾಕೋದಿಲ್ಲ.

ಕುಂದಾಪುರ_ಶೆಟ್ರು
ನೋಂದಾಯಿತ ಚೀಟಿಗೆ ಫೋರ್‌ಮನ್ ಚೀಟಿ ಮೊತ್ತದಷ್ಟು ಭದ್ರತೆಯನ್ನು ರಿಜಿಸ್ಟ್ರಾರರ ಹೆಸರಿಗೆ ಇಡಬೇಕು. ಈ ಗುಂಪಿಗೆ 1 ಲಕ್ಷ. ಅದರಿಂದ ಎಲ್ಲರ ದುಡ್ಡು ಭದ್ರ ಅಂತ ತಿಳಿಯಬೇಡಿ. 15ನೇ ತಿಂಗಳು ಮುಗಿದಾಗ ಎತ್ತದವರು ಐದು ಜನ ಇರುತ್ತಾರೆ, ಒಬ್ಬೊಬ್ಬರೂ 62,700 ಕಟ್ಟಿರುತ್ತಾರೆ. ಮೂರು ಲಕ್ಷದ ಮೇಲಾಯಿತು. ಅವರಿಗೆ ದುಡ್ಡು ಬರುವುದು ಆಗಲೇ ಎತ್ತಿದ 15 ಜನ ಮುಂದೆ ಕಟ್ಟುವ ಕಂತಿನಿಂದ. ಎತ್ತಿದವರ ಜಾಮೀನೇ ಎತ್ತದವರ ಆಧಾರ. "ನಮ್ಮಲ್ಲಿ ಶ್ಯೂರಿಟಿ ಎಲ್ಲ ಸಿಂಪಲ್" ಅಂತ ಏಜೆಂಟ್ ಹೇಳಿದರೆ ಬೇಗ ಎತ್ತುವವರಿಗೆ ಖುಷಿ. ಕೊನೆಗೆ ಎತ್ತಬೇಕು ಅಂತಿರುವವರು ಆ ಗುಂಪಿನಿಂದ ದೂರ ಇರಬೇಕು.

ಪೂರ್ವಾನುಮತಿ ಆದೇಶದ ನಂಬರು, ಚೀಟಿ ಕರಾರಿನ ನೋಂದಣಿ ನಂಬರು, ಎರಡನ್ನೂ ಬರೆದುಕೊಂಡು ಚೀಟಿ ನಿಬಂಧಕರ ಕಚೇರಿಯಲ್ಲಿ ತಾಳೆ ನೋಡಿ. ಕಂಪನಿ ನೋಂದಣಿಯಾಗಿದ್ದರೆ ಸಾಲದು, ನಿಮ್ಮ ಗುಂಪು ನೋಂದಣಿಯಾಗಿರಬೇಕು.

ತುಮಕೂರು_ನಿವಾಸಿ
ಟ್ಯಾಕ್ಸ್? ಆರ್‌ಡಿ ಬಡ್ಡಿ ಆದಾಯಕ್ಕೆ ಸೇರುತ್ತೆ. ಚೀಟಿಯಲ್ಲಿ ಬಂದ 7,300?

ರಾಘು_ಕೆಂಗೇರಿ
ನಮ್ಮ ಆಡಿಟರ್ ಅದನ್ನೂ ಆದಾಯ ಅಂತಲೇ ತೋರಿಸ್ತಾರೆ.

ಕುಂದಾಪುರ_ಶೆಟ್ರು
ನಮ್ಮ ಗ್ರಾಹಕರ ಆಡಿಟರುಗಳು ಎಲ್ಲರೂ ಒಂದೇ ಥರ ತೋರಿಸುತ್ತಿರಲಿಲ್ಲ. ನಿಮ್ಮವರನ್ನು ಕೇಳಿಯೇ ಮುಂದುವರಿಯಿರಿ.

ಗಣಿತದ_ಮೇಷ್ಟ್ರು
ಎರಡಕ್ಕೂ 20 ಪರ್ಸೆಂಟ್ ಬಿತ್ತು ಅಂತ ಇಟ್ಟುಕೊಂಡರೆ ಅಂತರ 2,410ರಿಂದ 1,930ಕ್ಕೆ ಇಳಿಯುತ್ತದೆ.

ತುಮಕೂರು_ನಿವಾಸಿ
ರಿಪೇರಿ ದುಡ್ಡನ್ನು 3,750ದ ಆರ್‌ಡಿಯಲ್ಲೇ ಇಡ್ತೀನಿ. ಚೀಟಿಗೆ ಸೇರೋದಾದರೆ ಕೊನೆಗೆ ಎತ್ತೋ ಲೆಕ್ಕಕ್ಕೆ ಮಾತ್ರ. ಸೋಮವಾರ ಬ್ರ್ಯಾಂಚಿಗೆ ಹೋಗಿ ಇನ್ನೆರಡು ಮುಗಿದ ಗುಂಪಿನ ಹರಾಜಿನ ಪಟ್ಟಿ ಕೇಳ್ತೀನಿ. ಹೊಸ ಗುಂಪಿಗೆ ಕಮಿಷನ್ 5ಓ 7ಓ ಅನ್ನೋದೂ ಆಗಲೇ ಗೊತ್ತಾಗುತ್ತೆ. ಅಂಕಿ ಸಿಕ್ಕ ಮೇಲೆ ಇಲ್ಲೇ ಹಾಕ್ತೀನಿ.

ಗಣಿತದ_ಮೇಷ್ಟ್ರು
7 ಆಗಿದ್ದರೆ ಕೊನೆಯಲ್ಲಿ 95,000 ಅಲ್ಲ, 93,000, ಅದರಲ್ಲಿ ಜಿಎಸ್‌ಟಿ 1,260 ಕಳೆದು 91,740. ಪ್ರತಿ ತಿಂಗಳ ಡಿವಿಡೆಂಡೂ ತಲೆಗೆ ನೂರು ರೂಪಾಯಿ ತಗ್ಗುತ್ತದೆ. ಆಗ ಕಟ್ಟುವುದೇ 88,600 ಆಗಿ ಆರ್‌ಡಿ ಮುಂದೆ ಹೋಗುತ್ತದೆ.